ಬೆರಳಿನ ಪಟ್ಟಿ, ಬೀಗದ ಕೈ

ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನಮ್ಮ ಫೋನುಗಳು ನಾವು ಮಲಗಿದ ಹೊತ್ತಿನಲ್ಲಿ ತಮ್ಮನ್ನು ತಾವೇ ನವೀಕರಿಸಿಕೊಳ್ಳುತ್ತವೆ. ಅದರ ಮರುದಿನ ಮುಂಬೈಯ ಲೋಕಲ್ ಗಾಡಿಗಳಲ್ಲಿ ಒಂದು ವಿಶೇಷ ಭಂಗಿಯನ್ನು ಕಾಣಬಹುದು. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯ ಹೆಬ್ಬೆರಳು ಫೋನಿನ ಗಾಜಿನ ಮೇಲೆ. ಒತ್ತುವುದು, ಒರೆಸುವುದು, ಮತ್ತೆ ಒತ್ತುವುದು. ಫೋನು ತೆರೆಯುತ್ತದೆ, ಬ್ಯಾಂಕಿನ ಆ್ಯಪ್ ಮಾತ್ರ ತೆರೆಯುವುದಿಲ್ಲ. 'ನಿಮ್ಮ ಸಾಧನದಲ್ಲಿ ಬಯೊಮೆಟ್ರಿಕ್ ಬದಲಾಗಿದೆ, ಎಂಪಿನ್ ಬಳಸಿ' ಎಂಬರ್ಥದ ಇಂಗ್ಲಿಷ್ ವಾಕ್ಯವೊಂದು ಕಾಣಿಸಿಕೊಳ್ಳುತ್ತದೆ. ಬದಲಾದದ್ದು ಏನು? ಬೆರಳು ನಿನ್ನೆಯದೇ, ಫೋನೂ ನಿನ್ನೆಯದೇ. ಈ ಪ್ರಶ್ನೆಯನ್ನು ನಮ್ಮ ಸುತ್ತಲಿನವರು ಎಷ್ಟೋ ಸಲ ಕೇಳಿದ್ದರಿಂದ ಅದರ ಬೆನ್ನು ಹತ್ತಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. 'ಬ್ಯಾಂಕಿನ ಹತ್ತಿರ ನನ್ನ ಬೆರಳಚ್ಚು ಇದೆ' ಎಂದು ಬಹಳ ಜನ ನಂಬಿದ್ದಾರೆ. ಹಾಗೆ ನಂಬುವುದಕ್ಕೆ ಕಾರಣವೂ ಇದೆ. ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿಯುವ ನಾವು 2014ರಿಂದೀಚೆಗೆ ಆಧಾರ್ ಆಧಾರಿತ ಹಾಜರಿಗೆ ಒಗ್ಗಿಕೊಂಡವರು. ಅಲ್ಲಿ ಬಾಗಿಲ ಬಳಿಯ ಯಂತ್ರದ ಮೇಲೆ ಬೆರಳಿಟ್ಟರೆ ಅದರ ಗುರುತು ಗೂಢಲಿಪಿಯಲ್ಲಿ ಹೊರಟು ಆಧಾರ್ ಪ್ರಾಧಿಕಾರದ ಭಂಡಾರಕ್ಕೆ ಹೋಗುತ್ತದೆ. ಅಲ್ಲಿ ಹೋಲಿಕೆ ನಡೆದು 'ಹೌದು, ಇವರೇ' ಎಂಬ ಉತ್ತರ ಮರಳುತ್ತದೆ. ಫೋನಿನಲ್ಲಿ ನಡೆಯುವುದು ಇದರ ತದ್ವಿರುದ್ಧ. ಬೆರಳಚ್ಚು ಎಲ್ಲಿಗೂ ಹೋಗುವುದಿಲ್ಲ. ಫೋನಿನ ಮುಖ್ಯ ವ್ಯವಸ್ಥೆಯಿಂದ ಪ್ರತ್ಯೇಕಿಸಿದ ಒಂದು ಭದ್ರ ಕೋಣೆಯಲ್ಲಿ ಬೆರಳಿನ ರೇಖೆಗಳ ಲಕ್ಷಣಗಳು, ಚಿತ್ರವಾಗಿ ಅಲ್ಲ, ಗಣಿತದ ಟಿಪ್ಪಣಿಯಾಗಿ, ಕುಳಿತಿರುತ್ತವೆ. ಹೋಲಿಕೆಯೂ ಆ ಕೋಣೆಯೊಳಗೇ ನಡೆಯುತ್ತದೆ. ಹೊರಗೆ ಬರುವುದು 'ಹೊಂದಿತು' ಅಥವಾ 'ಹೊಂದಲಿಲ್ಲ' ಎಂಬ ಮೊಹರು ಹಾಕಿದ ಚೀಟಿ ಮಾತ್ರ.

ಹಾಗಾದರೆ ಬ್ಯಾಂಕಿಗೆ ನಮ್ಮ ಗುರುತು ಸಿಗುವುದು ಹೇಗೆ? ಆ್ಯಪಿನಲ್ಲಿ ಬೆರಳಚ್ಚಿನ ಪ್ರವೇಶವನ್ನು ನಾವು ಮೊದಲ ಸಲ ಚಾಲೂ ಮಾಡಿದಾಗ, ಸರಿಯಾಗಿ ಕಟ್ಟಿದ ಆ್ಯಪ್ ಒಂದು ಬೀಗದ ಕೈಯನ್ನು ಆ ಭದ್ರ ಕೋಣೆಯಲ್ಲಿಯೇ ಹುಟ್ಟಿಸುತ್ತದೆ. ಅದರ ಜೋಡಿಯಾದ ಬಹಿರಂಗ ಭಾಗ ಬ್ಯಾಂಕಿಗೆ ಹೋಗುತ್ತದೆ. ಗುಟ್ಟಿನ ಭಾಗ ಫೋನನ್ನು ಬಿಟ್ಟು ಹೊರಡುವುದೇ ಇಲ್ಲ. ಮುಂದೆ ಪ್ರತಿ ಸಲವೂ ಬ್ಯಾಂಕು ಒಂದು ಹೊಸ ಒಗಟನ್ನು ಕಳಿಸುತ್ತದೆ, ಬೆರಳು ಹೊಂದಿದರೆ ಕೋಣೆಯೊಳಗಿನ ಕೈ ಅದಕ್ಕೆ ಸಹಿ ಹಾಕಿ ಕೊಡುತ್ತದೆ, ಬ್ಯಾಂಕು ಸಹಿಯನ್ನು ನೋಡುತ್ತದೆ. ಬೆರಳು ಬ್ಯಾಂಕಿನ ಬಾಗಿಲನ್ನು ತೆರೆಯುತ್ತಿಲ್ಲ. ಬೀಗದ ಕೈ ಇಟ್ಟ ಪೆಟ್ಟಿಗೆಯನ್ನು ತೆರೆಯುತ್ತಿದೆ. ಮುಂದಿನದೆಲ್ಲವೂ ಈ ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಆ ಕೈಯನ್ನು ಮಾಡುವಾಗ ಒಂದು ಷರತ್ತನ್ನು ಅದರೊಳಗೇ ಕೆತ್ತಲಾಗುತ್ತದೆ. ಫೋನಿನಲ್ಲಿ ನೋಂದಾಯಿತವಾದ ಬೆರಳುಗಳ ಪಟ್ಟಿ ಇದೆಯಲ್ಲ, ಆ ಇಡೀ ಪಟ್ಟಿಗೆ ಭದ್ರ ಕೋಣೆ ಒಂದು ಗುರುತುಸಂಖ್ಯೆ ಕೊಟ್ಟಿರುತ್ತದೆ. ಕೈಯನ್ನು ಆ ಸಂಖ್ಯೆಗೆ ಕಟ್ಟಿಹಾಕಲಾಗುತ್ತದೆ. ಪಟ್ಟಿಗೆ ಹೊಸ ಬೆರಳೊಂದು ಸೇರಿದ ಕ್ಷಣ ಸಂಖ್ಯೆ ಬದಲಾಗುತ್ತದೆ, ಹಳೆಯ ಸಂಖ್ಯೆಗೆ ಕಟ್ಟಿದ ಕೈ ಸತ್ತುಹೋಗುತ್ತದೆ. ತಾತ್ಕಾಲಿಕವಾಗಿ ಅಲ್ಲ, ಶಾಶ್ವತವಾಗಿ. 2015ರ ಆಂಡ್ರಾಯ್ಡ್ 6.0ರಿಂದ ಈ ವ್ಯವಸ್ಥೆ ಇದೆ, ಮತ್ತು ಆ್ಯಪ್ ಬರೆಯುವವರಿಗೆ ಆಗ ಎದುರಾಗುವ ದೋಷದ ಹೆಸರೇ `KeyPermanentlyInvalidatedException`. ನಮ್ಮ ಪರದೆಯ ಮೇಲೆ ಮೂಡುವ 'ಬಯೊಮೆಟ್ರಿಕ್ ಬದಲಾಗಿದೆ' ಎಂಬ ವಾಕ್ಯ ಈ ಉದ್ದನೆಯ ಹೆಸರಿನ ಮರ್ಯಾದಸ್ಥ ಅನುವಾದ. ಆಂಡ್ರಾಯ್ಡಿನಲ್ಲಿ ಹಲವು ಬೆರಳುಗಳ ಪೈಕಿ ಒಂದನ್ನು ಅಳಿಸಿದರೆ ಕೈ ಉಳಿಯುತ್ತದೆ. ಹೊಸದನ್ನು ಸೇರಿಸಿದರೆ ಅಥವಾ ಎಲ್ಲವನ್ನೂ ಅಳಿಸಿದರೆ ಸಾಯುತ್ತದೆ. ಐಫೋನಿನಲ್ಲಿ ಆ್ಯಪ್ ಈ ಕಟ್ಟುನಿಟ್ಟನ್ನು ಆರಿಸಿಕೊಂಡಿದ್ದರೆ ಬೆರಳನ್ನು ಸೇರಿಸಿದರೂ ತೆಗೆದರೂ, ಮುಖವನ್ನು ಮರುನೋಂದಾಯಿಸಿದರೂ ಅದೇ ಗತಿ.

ಇಂಗ್ಲಿಷ್ ಓದಿಕೊಂಡ ನಮಗೆ ಇಲ್ಲಿ ಒಂದು ಪದದ ಮೋಹ ತಪ್ಪಿದ್ದಲ್ಲ. ಫೋನು ಬಳಸುವ 'ಎನ್‌ರೋಲ್' ಎಂಬ ಕ್ರಿಯಾಪದದ ಹೊಟ್ಟೆಯಲ್ಲಿ ಇರುವುದು ಸುರುಳಿ, ಅಂದರೆ ಹೆಸರುಗಳನ್ನು ಬರೆದ ಚರ್ಮದ ಸುರುಳಿ. ಎನ್‌ರೋಲ್ ಮಾಡುವುದೆಂದರೆ ಸುರುಳಿಯಲ್ಲಿ ಹೆಸರು ಏರಿಸುವುದು. ಈ ಯಂತ್ರ ಆ ಹಳೆಯ ಅರ್ಥಕ್ಕೆ ನಿಷ್ಠವಾಗಿದೆ. ಅದು ನಮ್ಮನ್ನು ಗುರುತಿಸುವುದಿಲ್ಲ. ಸುರುಳಿಯಲ್ಲಿ ಇರುವ ಯಾರೋ ಒಬ್ಬರು ಬಂದರು ಎಂದಷ್ಟೇ ಹೇಳುತ್ತದೆ.

ಇನ್ನು ಅಪ್‌ಡೇಟಿನ ಪಾಲು. ಬರಿಯ ಅಪ್‌ಡೇಟ್ ಸಾಮಾನ್ಯವಾಗಿ ಈ ಕೈಗಳನ್ನು ಕೊಲ್ಲುವುದಿಲ್ಲ. ಅದರ ನಂತರ ಫೋನು ಮರುಚಾಲೂ ಆಗುವುದರಿಂದ ಮೊದಲ ಸಲ ಪಿನ್ ಹಾಕಲೇಬೇಕು, ಬೆರಳು ನಡೆಯುವುದಿಲ್ಲ. ಇದು ದೋಷವಲ್ಲ, ಪಿನ್ ಬೀಳುವವರೆಗೆ ಫೋನಿನ ಒಳಗಿನ ಸಾಮಗ್ರಿಯ ಬಹುಭಾಗ ಗೂಢಲಿಪಿಯಲ್ಲಿಯೇ ಮುಚ್ಚಿರುತ್ತದೆ. ನಿಜವಾದ ತೊಂದರೆ ಬರುವುದು ಹೊಸ ತಂತ್ರಾಂಶ ಬೆರಳಿನ ಸಂವೇದಕವನ್ನು ಓದುವ ರೀತಿ ಬದಲಾದಾಗ. ಹಳೆಯ ಟಿಪ್ಪಣಿಗಳು ಮೊದಲಿನಷ್ಟು ಚೆನ್ನಾಗಿ ಹೊಂದುವುದಿಲ್ಲ, ಹತ್ತು ಸಲದಲ್ಲಿ ಐದು ಸಲ ಫೋನು ಒಲ್ಲೆ ಎನ್ನುತ್ತದೆ. ಬೇಸತ್ತ ಮನುಷ್ಯ ಸೆಟ್ಟಿಂಗ್ಸಿಗೆ ಹೋಗಿ ಅದೇ ಬೆರಳನ್ನು ಮತ್ತೊಮ್ಮೆ ನೋಂದಾಯಿಸುತ್ತಾನೆ. ಫೋನು ಸರಿಹೋಗುತ್ತದೆ. ಬ್ಯಾಂಕಿನ ಕೈ ಸಾಯುವುದು ಆಗ.

ಹೀಗಾಗಿ ದೋಷ ಎಲ್ಲಿದೆ ಎಂಬುದನ್ನು ತಿಳಿಯಲು ಒಂದೇ ಒಂದು ಪರೀಕ್ಷೆ ಸಾಕು. ಬೆರಳಿಗೆ ಫೋನೂ ತೆರೆಯದಿದ್ದರೆ ತೊಂದರೆ ಸಂವೇದಕದ್ದು ಅಥವಾ ಟಿಪ್ಪಣಿಯದು; ಮರುನೋಂದಣಿ ಬೇಕು. ಬೆರಳಿಗೆ ಫೋನು ತೆರೆಯುತ್ತದೆ, ಆ್ಯಪ್ ಮಾತ್ರ ತೆರೆಯುವುದಿಲ್ಲ ಎಂದಾದರೆ ಹೆಚ್ಚಾಗಿ ಕೈ ಸತ್ತಿದೆ. ಬೆರಳನ್ನು ಮತ್ತೆ ಮತ್ತೆ ನೋಂದಾಯಿಸಿ ಪ್ರಯೋಜನವಿಲ್ಲ, ಎಂಪಿನ್ ಹಾಕಿ ಒಳಗೆ ಹೋಗಿ ಹೊಸ ಕೈ ಮಾಡಿಸಬೇಕು. ಮುಖದ ವಿಷಯದಲ್ಲಿ ಇನ್ನೊಂದು ಸಾಧ್ಯತೆ ಇದೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಮುಂಬದಿಯ ಸಾಮಾನ್ಯ ಕ್ಯಾಮೆರಾದಿಂದಲೇ ಮುಖ ನೋಡುತ್ತವೆ. ಅದನ್ನು ಗೂಗಲ್‌ನ ನಿಯಮಗಳು ದುರ್ಬಲ ವರ್ಗದಲ್ಲಿ ಇಡುತ್ತವೆ. ಬೀಗದ ಕೈಯನ್ನು ಕಟ್ಟುವುದಕ್ಕೆ ಪ್ರಬಲ ವರ್ಗವೇ ಆಗಬೇಕು. ಆದ್ದರಿಂದ ಮುಖಕ್ಕೆ ಫೋನು ತೆರೆದು ಬ್ಯಾಂಕು ತೆರೆಯದಿದ್ದರೆ ಅದು ಹಾಳಾದದ್ದಲ್ಲ, ಇದ್ದದ್ದೇ ಹಾಗೆ. ಮೂವತ್ತು ಸಾವಿರಕ್ಕೂ ಹೆಚ್ಚು ಅವಗೆಂಪು ಚುಕ್ಕಿಗಳನ್ನು ಎಸೆದು ಮುಖದ ಉಬ್ಬುತಗ್ಗನ್ನು ಅಳೆಯುವ ಐಫೋನಿನ ಮಾತು ಬೇರೆ.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಕುಂದಾಪುರದ ಕಡೆಯವರು, ಮುಂಬೈಗೆ ಬಂದು ನಲವತ್ತು ವರ್ಷ ದಾಟಿದರೂ ಮಾತು ಮಾತ್ರ ಊರಿನದೇ. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇರುವುದು, ಮಗ ಪುಣೆಯಲ್ಲಿ. ಒಂದು ಸೋಮವಾರ ಬೆಳಿಗ್ಗೆ ಫೋನು ಹಿಡಿದುಕೊಂಡು ಮೇಲೆ ಬಂದರು. "ಎಂತ ಮಾರಾಯ್ರೆ, ನನ್ನ ಬೆರಳು ನನ್ನದಲ್ಲ ಅಂತದೆ ಇದು!" ಹಾಲಿನವನಿಗೆ, ಸೊಸೈಟಿಯ ನಿರ್ವಹಣೆಗೆ, ಔಷಧಕ್ಕೆ ಎಲ್ಲದಕ್ಕೂ ಅವರದು ಅದೇ ಆ್ಯಪ್. ವರ್ಷಕ್ಕೂ ಮೇಲ್ಪಟ್ಟು ಬೆರಳಿನಿಂದಲೇ ತೆರೆದು ಅಭ್ಯಾಸವಾಗಿ ಎಂಪಿನ್ ಮರೆತುಹೋಗಿತ್ತು. ನೆನಪಿಗೆ ಬಂದ ಎರಡು ಮೂರು ಅಂಕಿಗಳನ್ನು ಹಾಕಿ ನೋಡಿ, ಆ್ಯಪ್ ಅದನ್ನೂ ತಡೆಹಿಡಿದಿತ್ತು.

ಅವರ ಫೋನು ಬೆರಳಿಗೆ ಸರಾಗವಾಗಿ ತೆರೆಯುತ್ತಿತ್ತು. ಅಂದರೆ ಕೈ ಸತ್ತಿದೆ. ಸೆಟ್ಟಿಂಗ್ಸಿನಲ್ಲಿ ಬೆರಳಚ್ಚುಗಳ ಪಟ್ಟಿಯನ್ನು ನೋಡಿದೆವು. ಇರಬೇಕಾದದ್ದು ಒಂದು, ಇದ್ದದ್ದು ಮೂರು: Fingerprint 1, Fingerprint 2, Fingerprint 3. ಈ ಪುಟದಲ್ಲಿ ಬೆರಳಿಟ್ಟರೆ ಅದು ಯಾವ ನಮೂದಿಗೆ ಸೇರಿದ್ದೆಂದು ಅನೇಕ ಫೋನುಗಳು ಮಿನುಗಿಸಿ ತೋರಿಸುತ್ತವೆ. ಅಕ್ಕನ ಬಲ ಹೆಬ್ಬೆರಳಿಗೆ ಒಮ್ಮೆ ಒಂದನೆಯದು ಮಿನುಗಿತು, ಒಮ್ಮೆ ಎರಡನೆಯದು. ಮೂರನೆಯದಕ್ಕೆ ಅವರ ಹತ್ತು ಬೆರಳುಗಳಲ್ಲಿ ಯಾವುದೂ ಉತ್ತರ ಕೊಡಲಿಲ್ಲ.

ಪುಣೆಗೆ ಫೋನು ಮಾಡಿ ಕೇಳಿದಾಗ ಕಥೆ ತಿಳಿಯಿತು. ಮಗ ಶನಿವಾರ ಬಂದಿದ್ದ. ರಾತ್ರಿ ಅಪ್‌ಡೇಟ್ ಹಾಕಿದ. ಭಾನುವಾರ ಅಮ್ಮನ ಬೆರಳು ಸರಿಯಾಗಿ ಹತ್ತದಿದ್ದುದನ್ನು ಕಂಡು ಅದನ್ನು ಹೊಸದಾಗಿ ನೋಂದಾಯಿಸಿದ, ಹಾಗೆಯೇ ಹೊತ್ತಿಗೊದಗಲಿ ಎಂದು ತನ್ನ ಬೆರಳನ್ನೂ ಸೇರಿಸಿದ. ಮನಸ್ಸಿನಲ್ಲಿ ಕಪಟವಿರಲಿಲ್ಲ. ಅಪ್‌ಡೇಟ್ ಮಾಡಿದ ಅಪರಾಧವೂ ಇಲ್ಲಿ ಇಷ್ಟೇ: ಹಳೆಯ ಟಿಪ್ಪಣಿಯನ್ನು ಕೊಂಚ ಮಂಕು ಮಾಡಿತು. ಬಾಗಿಲು ಮುಚ್ಚಿದ್ದು ಭಾನುವಾರದ ನೋಂದಣಿ.

"ಇದ್ರೆ ಎಂತಾತು, ಮಗನೇ ಅಲ್ದಾ?" ಎಂದರು ಅಕ್ಕ. ಇಲ್ಲಿ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮಗನ ಮೇಲೆ ಸಂಶಯ ಹುಟ್ಟಿಸುವ ಕೆಲಸ ನಮ್ಮದಲ್ಲ. ಆದರೆ ಇದೇ ಸ್ಥಿತಿಯಲ್ಲಿ ಬೆರಳಚ್ಚಿನ ಪ್ರವೇಶವನ್ನು ಮತ್ತೆ ಚಾಲೂ ಮಾಡಿದರೆ ಹೊಸ ಕೈ ಮೂರು ನಮೂದುಗಳ ಪಟ್ಟಿಗೆ ಕಟ್ಟಲ್ಪಡುತ್ತದೆ; ಮಗನ ಬೆರಳಿಗೂ ತಾಯಿಯ ಖಾತೆ ತೆರೆಯುತ್ತದೆ, ಮತ್ತು ಬ್ಯಾಂಕಿನ ಕಣ್ಣಿಗೆ ಆ ಎರಡೂ ಬೆರಳು ಒಂದೇ. ಯಾವುದೋ ದಿನ ಯಾವುದೋ ವ್ಯವಹಾರದ ಬಗ್ಗೆ ಪ್ರಶ್ನೆ ಎದ್ದರೆ ದಾಖಲೆ ಹೇಳುವುದು 'ಅಕ್ಕನೇ ಮಾಡಿದ್ದು' ಎಂದು. ಅವರಿಗೆ ಬೇಕಾದದ್ದು ಒಂದೇ, ತಾವು ಹಾಸಿಗೆ ಹಿಡಿದರೆ ಮಗ ಹಣ ತೆಗೆಯುವಂತಿರಬೇಕು. ಅದಕ್ಕೆ ದಾರಿ ಬೆರಳಿನದಲ್ಲ. ಖಾತೆಯನ್ನು ಜಂಟಿಯಾಗಿಸಿ 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ಷರತ್ತು ಹಾಕಿದರೆ ಮಗ ತನ್ನ ಹೆಸರಿನಲ್ಲಿ, ತನ್ನ ಫೋನಿನಲ್ಲಿ, ತನ್ನ ಕೈಯಿಂದ ವ್ಯವಹರಿಸುತ್ತಾನೆ. ನಾಮಿನಿ ಮಾಡುವುದು ಬೇರೆಯೇ ವಿಷಯ, ಅದು ಮರಣಾನಂತರಕ್ಕೆ. ಅಕ್ಕ ಕೇಳಿಸಿಕೊಂಡು, ಫೋನಿನಲ್ಲಿ ಮಗನಿಗೆ ಹೇಳಿದರು: "ನಿನ್ನ ಬೆರಳು ತೆಗೀತೆ ಮಗಾ, ಬೇಜಾರ್ ಮಾಡ್ಕಬೇಡ. ಬ್ಯಾಂಕಿಗೆ ಒಟ್ಟಿಗೆ ಹೋಪ."

ನಂತರ ಕೆಲಸ ನಡೆದ ಕ್ರಮ ಹೀಗಿತ್ತು. ಮೊದಲು ಎಂಪಿನ್, ಬೆರಳು ಆಮೇಲೆ. ಈ ಅನುಕ್ರಮ ಮುಖ್ಯ, ಏಕೆಂದರೆ ಎಂಪಿನ್ ಇಲ್ಲದೆ ಹೊಸ ಕೈ ಮಾಡಿಸುವುದಕ್ಕೆ ಆಗುವುದಿಲ್ಲ. ಎಂಪಿನ್ ಮರುಹೊಂದಿಸಲು ಅವರ ಬ್ಯಾಂಕಿನ ಆ್ಯಪ್ ಕೇಳಿದ್ದು ಡೆಬಿಟ್ ಕಾರ್ಡಿನ ವಿವರ, ಅದರ ಪಿನ್, ಮತ್ತು ನೋಂದಾಯಿತ ಸಿಮ್ಮಿಗೆ ಬರುವ ಒಟಿಪಿ. ಕಾರ್ಡು ದೇವರ ಕೋಣೆಯ ಡಬ್ಬಿಯಲ್ಲಿತ್ತು, ಅದರ ಪಿನ್ ಪುಣ್ಯಕ್ಕೆ ನೆನಪಿತ್ತು. ಇಲ್ಲದಿದ್ದರೆ ಶಾಖೆಗೆ ಹೋಗಬೇಕಾಗುತ್ತಿತ್ತು. ಎಂಪಿನ್ ಸಿಕ್ಕಿ, ಅದರಿಂದ ಒಮ್ಮೆ ಒಳಹೊಕ್ಕು, ಖಾತೆಯಲ್ಲಿದ್ದ ಹಣ ಹಾಗೆಯೇ ಇರುವುದನ್ನು ನೋಡಿದ ಮೇಲೆ ಅಕ್ಕನಿಗೆ ಅರ್ಧ ಜೀವ ಬಂತು. ಸತ್ತದ್ದು ಒಂದು ಕೈ ಮಾತ್ರ. ಖಾತೆಗಾಗಲಿ, ಫೋನಿಗೂ ಸಿಮ್ಮಿಗೂ ಇರುವ ಬಂಧಕ್ಕಾಗಲಿ ಏನೂ ಆಗಿರುವುದಿಲ್ಲ. ಆ್ಯಪನ್ನು ಕಿತ್ತು ಮತ್ತೆ ಹಾಕಿ ನೋಡುವವರು ಇರುವ ಬಂಧವನ್ನೂ ಕಡಿದುಕೊಂಡು ಕೆಲಸ ಹೆಚ್ಚಿಸಿಕೊಳ್ಳುತ್ತಾರೆ.

ಆಮೇಲೆ ಮೂರೂ ನಮೂದುಗಳನ್ನು ಅಳಿಸಿದೆವು. ಅಳಿಸುವ ಮೊದಲು ಒಂದು ಎಚ್ಚರ ಬೇಕು: ಎಲ್ಲ ಬೆರಳುಗಳನ್ನು ಅಳಿಸಿದರೆ ಈ ಬ್ಯಾಂಕಿನದಷ್ಟೇ ಅಲ್ಲ, ಫೋನಿನಲ್ಲಿ ಬೆರಳಿಗೆ ಹೀಗೆ ಕಟ್ಟಿದ ಪ್ರತಿಯೊಂದು ಆ್ಯಪಿನ ಕೈಯೂ ಸಾಯುತ್ತದೆ. ಎರಡನೆಯ ಬ್ಯಾಂಕಿನ ಎಂಪಿನ್ ನೆನಪಿದೆಯೇ ಎಂದು ಅಳಿಸುವ ಮುನ್ನ ಕೇಳಿಕೊಳ್ಳಬೇಕು. ಅಕ್ಕನಿಗೆ ಇದ್ದದ್ದು ಒಂದೇ ಬ್ಯಾಂಕು.

ಹೊಸ ನೋಂದಣಿಯಲ್ಲಿ ಅವಸರ ಮಾಡಬಾರದು ಎಂಬುದಕ್ಕೆ 2019ರ ಅಕ್ಟೋಬರಿನ ಒಂದು ಪ್ರಸಂಗ ಸಾಕು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10 ಫೋನಿನಲ್ಲಿ ಪರದೆಯಡಿಯ ಸಂವೇದಕ ಶಬ್ದಾತೀತ ಅಲೆಗಳಿಂದ ಬೆರಳನ್ನು ಓದುತ್ತಿತ್ತು. ಇಂಗ್ಲೆಂಡಿನ ಮಹಿಳೆಯೊಬ್ಬರು ಅಗ್ಗದ ಮೃದು ಹೊದಿಕೆಯೊಂದನ್ನು ತೊಡಿಸಿದ ಮೇಲೆ ಅವರ ಫೋನು ನೋಂದಾಯಿಸದ ಬೆರಳಿಗೂ, ಗಂಡನ ಬೆರಳಿಗೂ ತೆರೆಯತೊಡಗಿತು. ಕೆಲವು ಸಿಲಿಕೋನ್ ಹೊದಿಕೆಗಳ ಒಳಮೈಯ ವಿನ್ಯಾಸವನ್ನೇ ಸಂವೇದಕ ಬೆರಳಚ್ಚಿನ ಜೊತೆಗೆ ಓದಿಕೊಳ್ಳುತ್ತಿದೆ ಎಂದು ಕಂಪನಿ ಒಪ್ಪಿಕೊಂಡಿತು. ಯಾರ ಬೆರಳು ಒತ್ತಿದರೂ ಹೊದಿಕೆಯ ವಿನ್ಯಾಸ ಅದೇ ಇರುವುದರಿಂದ ಫೋನು ತಲೆಯಾಡಿಸುತ್ತಿತ್ತು. ಬ್ರಿಟನ್ನಿನ ಕೆಲವು ಬ್ಯಾಂಕುಗಳು ಆ ಫೋನಿಗೆ ತಮ್ಮ ಆ್ಯಪ್ ಸಿಗದಂತೆ ತಡೆದವು. ಅದೇ ತಿಂಗಳು ಅಪ್‌ಡೇಟ್ ಬಂತು. ಅದರ ಜೊತೆಗೆ ಬಂದ ಸೂಚನೆ ಹೊದಿಕೆ ತೆಗೆಯಿರಿ, ಹಳೆಯ ಬೆರಳಚ್ಚುಗಳನ್ನೆಲ್ಲ ಅಳಿಸಿ ಹೊಸದಾಗಿ ನೋಂದಾಯಿಸಿ ಎಂಬುದು. ತಂತ್ರಾಂಶ ತಿದ್ದಿದರೆ ಸಾಲದು, ಪಟ್ಟಿಯಲ್ಲಿ ಒಮ್ಮೆ ಕುಳಿತ ಕಸವನ್ನು ಮರುನೋಂದಣಿಯೇ ತೆಗೆಯಬೇಕಾಗಿತ್ತು.

ಅಕ್ಕನ ಫೋನಿನ ಗಾಜಿನ ಮೇಲೂ ಸ್ಟೇಷನ್ ಹೊರಗಿನ ಅಂಗಡಿಯವನು ಅಂಟಿಸಿದ ಹಾಳೆಯೊಂದಿತ್ತು, ಅಂಚಿನಲ್ಲಿ ಗಾಳಿಗುಳ್ಳೆಗಳು. ಅದನ್ನು ಕಿತ್ತು, ಗಾಜನ್ನು ಒರೆಸಿ, ಅವರನ್ನು ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬರಲು ಹೇಳಿದೆವು. ಐವತ್ತು ವರ್ಷ ಕಾಯಿ ತುರಿದು ಪಾತ್ರೆ ಬೆಳಗಿದ ಬೆರಳುಗಳಲ್ಲಿ ರೇಖೆಗಳು ಸವೆದಿರುತ್ತವೆ. ಬಲ ಹೆಬ್ಬೆರಳಿನ ನಡುಭಾಗ ಎರಡು ಸಲ ನಿರಾಕರಣೆಗೊಂಡಿತು. ತುದಿಯನ್ನೂ ಬದಿಗಳನ್ನೂ ಬೇರೆಬೇರೆ ಕೋನದಲ್ಲಿ ಇಡಿಸಿದಾಗ ಫೋನು ಒಪ್ಪಿತು. ಅಷ್ಟೇನೂ ಕೆಲಸ ಮಾಡದ ಎಡಗೈಯ ಉಂಗುರ ಬೆರಳು ಒಂದೇ ಏಟಿಗೆ ದಾಖಲಾಯಿತು. ಅದನ್ನು ಎರಡನೆಯ ನಮೂದಾಗಿ ಇಟ್ಟೆವು. Fingerprint 1 ಎಂಬ ಹೆಸರಿನ ಜಾಗದಲ್ಲಿ 'ಬಲ ಹೆಬ್ಬೆರಳು' ಎಂದು ಕನ್ನಡದಲ್ಲಿಯೇ ಬರೆದೆವು. ಮುಂದೆ ಪಟ್ಟಿ ನೋಡಿದವರಿಗೆ ಅನಾಮಧೇಯ ಬೆರಳು ಯಾವುದೆಂದು ತಕ್ಷಣ ಗೊತ್ತಾಗಬೇಕು.

ಕೊನೆಯದಾಗಿ ಬ್ಯಾಂಕಿನ ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಬೆರಳಚ್ಚಿನ ಪ್ರವೇಶವನ್ನು ಮತ್ತೆ ಚಾಲೂ ಮಾಡಿದೆವು. ಅದು ಎಂಪಿನ್ ಕೇಳಿತು, ಬೆರಳು ಕೇಳಿತು, ಒಂದು ಎಸ್ಸೆಮ್ಮೆಸ್ಸೂ ಬಂತು. ಹೊಸ ಕೈ ಹುಟ್ಟಿತು. ಬೆರಳುಗಳನ್ನು ಪೂರ್ತಿ ಸೇರಿಸಿ ಮುಗಿಸಿದ ಮೇಲೆಯೇ ಈ ಹೆಜ್ಜೆ. ಇದಾದ ನಂತರ ಇನ್ನೊಂದು ಬೆರಳು ಸೇರಿಸಿದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ರಗಳೆ ಏಕೆ, ಫೋನಿನ ಪಿನ್ ಗೊತ್ತಿದ್ದವರೇ ತಾನೇ ಬೆರಳು ಸೇರಿಸುವುದು ಎಂದು ಕೇಳಬಹುದು. ಆ ಪ್ರಶ್ನೆಯಲ್ಲೇ ಉತ್ತರವಿದೆ. ಸಂಜೆಯ ಲೋಕಲಿನಲ್ಲಿ ಹೆಗಲಿಗೆ ಹೆಗಲು ತಾಗಿ ನಿಂತವನಿಗೆ ನಮ್ಮ ಪಿನ್ ಕಾಣುವುದು ಕಷ್ಟವೇನಲ್ಲ. ಅವನು ಫೋನು ಕಿತ್ತುಕೊಂಡು ಇಳಿದನೆಂದರೆ ಮಾಡುವ ಮೊದಲ ಕೆಲಸ ತನ್ನ ಬೆರಳನ್ನು ನೋಂದಾಯಿಸುವುದು. ಕೈ ಸಾಯದಿದ್ದಿದ್ದರೆ ಅದೇ ಬೆರಳಿಗೆ ಬ್ಯಾಂಕೂ ತೆರೆದುಕೊಳ್ಳುತ್ತಿತ್ತು. ಅಕ್ಕನನ್ನು ಸೋಮವಾರ ಹೊರಗೆ ನಿಲ್ಲಿಸಿದ ಬಾಗಿಲು ಆ ಕಳ್ಳನಿಗಾಗಿ ಕಟ್ಟಿದ್ದು. ಮಗನಿಗೂ ಕಳ್ಳನಿಗೂ ವ್ಯತ್ಯಾಸ ತಿಳಿಯುವ ಶಕ್ತಿ ಅದಕ್ಕಿಲ್ಲ. ಪಿನ್ ನೋಡಿಕೊಂಡು ಫೋನು ಕದಿಯುವ ಹಾವಳಿಯಿಂದಾಗಿಯೇ ಆ್ಯಪಲ್ 2024ರ ಜನವರಿಯಲ್ಲಿ ಐಒಎಸ್ 17.3ರೊಂದಿಗೆ ಒಂದು ರಕ್ಷಣೆಯನ್ನು ತಂದಿತು: ಅದನ್ನು ಚಾಲೂ ಮಾಡಿಟ್ಟರೆ, ಪರಿಚಿತ ಸ್ಥಳದಿಂದ ದೂರವಿದ್ದಾಗ ಮುಖ ಅಥವಾ ಬೆರಳನ್ನು ಬದಲಿಸಲು ಪಿನ್ ಸಾಲದು, ಒಂದು ಗಂಟೆ ಕಾಯಲೂಬೇಕು.

ಈ ಕಾವಲಿಗೆ ಒಂದು ಹಿಂಬಾಗಿಲು ಇರುವುದುಂಟು. ಕೆಲವು ಆ್ಯಪುಗಳು ಬೆರಳು ಕೇಳುವ ಕಿಟಕಿಯಲ್ಲಿಯೇ ಫೋನಿನ ಪಿನ್ ಬಳಸುವ ಆಯ್ಕೆಯನ್ನೂ ಇಟ್ಟಿರುತ್ತವೆ. ಫೋನಿನ ಪಿನ್ನಿಗೇ ಬ್ಯಾಂಕು ತೆರೆಯುವುದಾದರೆ ಪಟ್ಟಿ, ಸಂಖ್ಯೆ, ಸಾಯುವ ಕೈ ಎಲ್ಲವೂ ವ್ಯರ್ಥ. ನೋಡಿದ ಪಿನ್ನೊಂದೇ ಕಳ್ಳನಿಗೆ ಸಾಕು. ಅಕ್ಕನ ಆ್ಯಪಿನಲ್ಲಿ ಆ ಕಿಟಕಿಯನ್ನು ತೆರೆದು ನೋಡಿದೆವು, ಅಲ್ಲಿ ಇದ್ದದ್ದು ಎಂಪಿನ್ ಮಾತ್ರ. ಆದರೆ ಅವರು ಹೊಸ ಎಂಪಿನ್ನನ್ನೂ ಫೋನಿನ ಪಿನ್ನನ್ನೂ ಒಂದೇ ಮಾಡಲು ಹೊರಟಿದ್ದರು. ಅದನ್ನು ತಪ್ಪಿಸಲು ಸ್ವಲ್ಪ ವಾದ ಮಾಡಬೇಕಾಯಿತು.

2025ರ ಅಕ್ಟೋಬರಿನಲ್ಲಿ, ಇದೇ ಮುಂಬೈಯಲ್ಲಿ ನಡೆದ ಗ್ಲೋಬಲ್ ಫಿನ್‌ಟೆಕ್ ಫೆಸ್ಟ್‌ನಲ್ಲಿ, ಯುಪಿಐ ಪಾವತಿಗೂ ಪಿನ್ ಬದಲು ಫೋನಿನ ಬೆರಳು ಅಥವಾ ಮುಖವನ್ನು ಬಳಸುವ ಸೌಕರ್ಯವನ್ನು ಪ್ರಕಟಿಸಲಾಯಿತು. ಅಲ್ಲಿಯವರೆಗೆ ಬೆರಳು ಆ್ಯಪಿನ ಹೊಸ್ತಿಲಿನವರೆಗೆ ಮಾತ್ರ. ಹಣ ಕಳಿಸುವಾಗ ಸಾಮಾನ್ಯವಾಗಿ ಯುಪಿಐ ಪಿನ್ ಹಾಕಬೇಕಿತ್ತು. ಹೊಸ ಸೌಕರ್ಯವನ್ನು ಆರಿಸಿಕೊಂಡವರಿಗೆ ಪಟ್ಟಿಯಲ್ಲಿರುವ ಬೆರಳು ಹೊಸ್ತಿಲು ದಾಟಿ ಪೆಟ್ಟಿಗೆಯವರೆಗೆ ಹೋಗುತ್ತದೆ. ಅಕ್ಕ ಅದನ್ನು ಚಾಲೂ ಮಾಡಿಕೊಳ್ಳಲಿಲ್ಲ. ಹಾಲಿನವನಿಗೆ ಕೊಡುವಾಗಲಾದರೂ ಅಂಕಿ ಒತ್ತುತ್ತಿದ್ದರೆ ಮರೆತುಹೋಗುವುದಿಲ್ಲ ಎಂಬುದು ಅವರ ಲೆಕ್ಕ.